ಹನ್ನೊಂದನೇ ತಾರೀಖು, ಹನ್ನೊಂದನೇ ದಿನ

ಮಂಗಳವಾರ, ಆಗಸ್ಟ್ 5. ಬೆಳಗ್ಗೆ ಆರೂಕಾಲು. ಫೋನಿನಲ್ಲಿ ಆಕೆಯ ಹೆಸರು ಮಿನುಗುತ್ತಿದೆ. ಎತ್ತಿದರೆ ಗಂಡಸಿನ ದನಿ.

"ಮೇಡಂ, ನಾನು ಇವರ ತಮ್ಮ. ಭಾವ ರಾತ್ರಿ ತೀರ್ಕೊಂಡ್ರು. ಎದೆ ನೋವು ಅಂದ್ರು, ಜಯದೇವಕ್ಕೆ ಕರ್ಕೊಂಡು ಬಂದ್ವಿ. ಆಗಲಿಲ್ಲ."

ಜಯನಗರ ನಾಲ್ಕನೇ ಟಿ ಬ್ಲಾಕಿನಲ್ಲಿ ಎರಡನೇ ಮಹಡಿಯ ಅಕೌಂಟ್ಸ್ ಆಫೀಸು ನಿಮ್ಮದು. ಅಂಗಡಿಗಳಿಗೆ, ಸಣ್ಣ ಕಾರ್ಖಾನೆಗಳಿಗೆ, ಕ್ಲಿನಿಕ್ಕುಗಳಿಗೆ ಜಿಎಸ್‌ಟಿ, ಟಿಡಿಎಸ್, ಪಿಎಫ್ ಕಟ್ಟಿಕೊಡುವ ಹತ್ತು ಜನರ ಆಫೀಸು. ಹೆಸರು ಬೇಡ, ಇಂಥ ಆಫೀಸುಗಳು ಇಲ್ಲಿಂದ ಬಿಟಿಎಂವರೆಗೆ ಓಣಿಗೊಂದರಂತಿವೆ, ಇಲ್ಲಿ ನಡೆಯುವುದು ಅವುಗಳಲ್ಲಿ ಯಾವುದರಲ್ಲಾದರೂ ನಡೆಯುವಂಥದ್ದೇ. ಆಕೆ ನಿಮ್ಮಲ್ಲಿ ಒಂಬತ್ತು ವರ್ಷದಿಂದ ಇದ್ದಾಳೆ. ಹದಿನೆಂಟು ಗ್ರಾಹಕರ ಲೆಕ್ಕ ಅವಳ ಕೈಯಲ್ಲಿದೆ. ಎಂಟು ವರ್ಷದ ಮಗಳಿದ್ದಾಳೆ. ಗಂಡ ಬೊಮ್ಮಸಂದ್ರದ ಕಾರ್ಖಾನೆಯಲ್ಲಿದ್ದವನು.

"ಏನಾದ್ರೂ ಬೇಕಿದ್ರೆ ಹೇಳಿ" ಎಂಬ ಮಾತು ನಾಲಿಗೆಯ ತುದಿಗೆ ಬಂದಿದೆ. ನುಂಗಿಕೊಳ್ಳಿ. ಆ ಮಾತಿನಲ್ಲಿ ತಪ್ಪೇನಿಲ್ಲ, ಆದರೆ ಏನು ಬೇಕೆಂದು ಯೋಚಿಸುವ, ಅದನ್ನು ಬಾಯಿಬಿಟ್ಟು ಕೇಳುವ ಕೆಲಸ ಅದರಿಂದ ಅವಳ ತಲೆಯ ಮೇಲೆ ಬೀಳುತ್ತದೆ. ಅವಳಿಗೆ ಈಗ ನೀರು ಕುಡಿಯಬೇಕೋ ಬೇಡವೋ ಎಂದೇ ಗೊತ್ತಾಗುತ್ತಿಲ್ಲ.

"ನೋಡಪ್ಪ, ನಿಮ್ಮಕ್ಕನಿಗೆ ಆಫೀಸಿಂದ ಯಾರೂ ಫೋನ್ ಮಾಡಲ್ಲ. ಏನಿದ್ರೂ ನಿನಗೇ ಮಾಡ್ತೀನಿ, ನಿನ್ನ ನಂಬರ್ ಕಳಿಸು. ರಜೆ ಚೀಟಿ ಗೀಟಿ ಏನೂ ಬೇಡ, ನಾನೇ ಬರೆದ್ಕೋತೀನಿ. ಈ ತಿಂಗಳ ಸಂಬಳ ಪೂರ್ತಿ ಬರುತ್ತೆ ಅಂತ ಅವಳಿಗೆ ಈಗಲೇ ಅಲ್ಲ, ನಾಳೆ ನಾಡಿದ್ದು ಕೇಳಿಸ್ಕೊಳ್ಳೋ ಹಾಗಾದಾಗ ಹೇಳು. ಎಲ್ಲಿ ಮಾಡ್ತೀರಿ?"

ಊರಿಗೆ ಒಯ್ಯುವುದೋ ಇಲ್ಲೇ ಮಾಡುವುದೋ ಎಂಬ ಚರ್ಚೆ ಮುಗಿದಿದೆ. ಬನಶಂಕರಿ ವಿದ್ಯುತ್ ಚಿತಾಗಾರ, ಮಧ್ಯಾಹ್ನ ಮೂರಕ್ಕೆ.

ಚಿತಾಗಾರದ ಅಂಗಳದಲ್ಲಿ ನೀವು ಒಂದು ಬದಿಗೆ ನಿಂತಿದ್ದೀರಿ. ಆಫೀಸಿನಿಂದ ಇನ್ನಿಬ್ಬರು ಬಂದಿದ್ದಾರೆ, ಉಳಿದವರು ನಾಲ್ಕನೇ ಟಿ ಬ್ಲಾಕಿನಲ್ಲೇ ಇದ್ದಾರೆ. ಎಲ್ಲರೂ ಬರಬೇಕೆಂದಿದ್ದರು, ಬಂದಿದ್ದರೆ ನಾಳೆ ಬಾಗಿಲು ತೆಗೆಯುವ ಹೊತ್ತಿಗೆ ಕೆಲಸ ಇನ್ನೊಂದು ದಿನ ಹಿಂದೆ ಬಿದ್ದಿರುತ್ತಿತ್ತು. ತಮ್ಮನ ಕೈಯಲ್ಲಿ ಅಕ್ಕನ ಫೋನಿದೆ. ಅವನು ನಿಮ್ಮ ಹತ್ತಿರ ಬಂದು, ತಪ್ಪು ತನ್ನದೇ ಎಂಬಂತೆ ಪರದೆ ತೋರಿಸುತ್ತಾನೆ. ಹನ್ನೊಂದು ಗಂಟೆಯಿಂದ ಆರು ಮಿಸ್ಡ್ ಕಾಲ್. ಮೂರು ನಿಮ್ಮ ಆಫೀಸಿನ ಹುಡುಗನದು. ಮೆಸೇಜ್ ಕೂಡ ಇದೆ: ಸಾರಿ ಅಕ್ಕ, ಒಟಿಪಿ ಬಂದಿದ್ಯಾ?

ಹುಡುಗ ಕಲ್ಲು ಮನಸ್ಸಿನವನಲ್ಲ. ಬಿ.ಕಾಂ ಮುಗಿಸಿ ಬಂದು ಒಂದು ವರ್ಷವಾಗಿದೆ, ತಾರೀಖು ತಪ್ಪಿದರೆ ಬೈಸಿಕೊಳ್ಳುವ ಹೆದರಿಕೆ ಅವನಿಗೆ. ಆದರೆ ಕೆಲಸ ಹಂಚುವಾಗ ಸಣ್ಣ ಆಫೀಸುಗಳು ಎಡವುವುದು ಇಲ್ಲಿಯೇ. ಫೈಲುಗಳನ್ನು ಇನ್ನೊಬ್ಬರ ಮೇಜಿಗೆ ಸರಿಸಿಬಿಡುತ್ತೇವೆ, ಬೀಗದ ಕೈ ಮಾತ್ರ ಸೂತಕದ ಮನೆಯಲ್ಲೇ ಉಳಿದಿರುತ್ತದೆ. ಜಿಎಸ್‌ಟಿ ರಿಟರ್ನ್‌ಗೆ ಸಹಿ ಬೀಳುವುದು ಒಟಿಪಿಯಿಂದ. ಗ್ರಾಹಕರು ಅಂಗಡಿ ಬಿಟ್ಟು ಬರಲಾರರೆಂದು, ನೋಂದಣಿಯಲ್ಲಿ ಲೆಕ್ಕ ನೋಡುವವರ ನಂಬರನ್ನೇ ಕೊಟ್ಟುಬಿಡುವ ರೂಢಿ ಎಲ್ಲ ಕಡೆ ಇದೆ. ಹಾಗೆ ಕೊಡಬಾರದೆಂದು ಎಲ್ಲರಿಗೂ ಗೊತ್ತು.

ಸಂಜೆ ಏಳಕ್ಕೆ, ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಬಂದು, ಆಫೀಸಿನಲ್ಲಿ ಕೂರುತ್ತೀರಿ. ಅವಳ ಹದಿನೆಂಟು ಗ್ರಾಹಕರ ಪಟ್ಟಿ ತೆರೆದಿದೆ. ಪಕ್ಕದಲ್ಲಿ ಈ ತಿಂಗಳ ತಾರೀಖುಗಳು. 7ಕ್ಕೆ ಟಿಡಿಎಸ್. 11ಕ್ಕೆ ಜಿಎಸ್‌ಟಿಆರ್-1. 15ಕ್ಕೆ ಪಿಎಫ್, ಇಎಸ್‌ಐ. 20ಕ್ಕೆ ಜಿಎಸ್‌ಟಿಆರ್-3ಬಿ. ಇನ್ನೊಂದು ಕ್ಯಾಲೆಂಡರು ಅವಳ ಮನೆಯದು: ಮೂರನೇ ದಿನ, ಅಂದರೆ 7ಕ್ಕೆ, ಹಾಲು ತುಪ್ಪ. ಅಸ್ಥಿ ಬಿಡಲು ಕನಕಪುರದಾಚೆ ಕಾವೇರಿ ಅರ್ಕಾವತಿ ಸೇರುವ ಸಂಗಮಕ್ಕೆ ಹೋಗಬೇಕು. ಹನ್ನೊಂದನೇ ದಿನ, 15ಕ್ಕೆ, ತಿಥಿ. ಸತ್ತವರ ಮನೆಯ ದಿನಗಳು ಎಲ್ಲರಿಗೂ ಒಂದೇ ಅಲ್ಲ. ನಿಮ್ಮ ಆಫೀಸಿನ ಬ್ರಾಹ್ಮಣರ ಹುಡುಗಿಯ ಮನೆಯಲ್ಲಾಗಿದ್ದರೆ ಹದಿಮೂರನೇ ದಿನದ ವೈಕುಂಠ ಸಮಾರಾಧನೆಯವರೆಗೆ ಹೋಗುತ್ತಿತ್ತು. ತಿಲಕ್ ನಗರದಿಂದ ಬರುವ ಹುಡುಗನ ಅಕ್ಕ ವಿಧವೆಯಾದಾಗ ನಾಲ್ಕು ತಿಂಗಳು ಹತ್ತು ದಿನ ಇದ್ದತ್‌ನಲ್ಲಿದ್ದಳು. ಮೂರು ದಿನ, ಐದು ದಿನ ಎಂದು ಅಚ್ಚು ಹಾಕಿಟ್ಟ ಸಾವಿನ ರಜೆ ಇವುಗಳಲ್ಲಿ ಯಾವುದಕ್ಕೂ ಸಾಲದು.

ಏನನ್ನು ಮೊದಲು ಮಾಡಬೇಕು? ಎಲ್ಲವನ್ನೂ ಎಲ್ಲರಿಗೂ ಹಂಚಿಬಿಟ್ಟರೆ ಎಲ್ಲವೂ ಅರ್ಧಕ್ಕೆ ನಿಲ್ಲುತ್ತದೆ. ತಡವಾದರೆ ಯಾರಿಗೆ ಪೆಟ್ಟು ಎಂಬುದೊಂದೇ ಪ್ರಶ್ನೆ ಇಟ್ಟುಕೊಳ್ಳಿ. ಟಿಡಿಎಸ್ ಒಂದು ದಿನ ತಡವಾದರೂ ಬಡ್ಡಿ ತಿಂಗಳ ಲೆಕ್ಕದಲ್ಲಿ, ನೂರಕ್ಕೆ ಒಂದೂವರೆಯಂತೆ ಬೀಳುತ್ತದೆ. ಆದರೆ ಅದನ್ನು ಕಟ್ಟುವುದು ಸುಲಭ, ಮೊತ್ತಗಳನ್ನು ಅವಳು ಶನಿವಾರವೇ ಹಾಕಿಟ್ಟಿದ್ದಾಳೆ. ಜಿಎಸ್‌ಟಿಆರ್-1 ತಪ್ಪಿದರೆ ಪೆಟ್ಟು ನಿಮ್ಮ ಗ್ರಾಹಕನಿಂದ ಮಾಲು ಕೊಂಡವನಿಗೆ: 14ರಂದು ತಯಾರಾಗುವ ಅವನ 2ಬಿ ಪಟ್ಟಿಯಲ್ಲಿ ಆ ಬಿಲ್ಲು ಇರುವುದಿಲ್ಲ, ಕ್ರೆಡಿಟ್ ಸಿಗುವುದಿಲ್ಲ, ಅವನು ನಿಮ್ಮ ಗ್ರಾಹಕನ ಪಾವತಿ ತಡೆಹಿಡಿಯುತ್ತಾನೆ. ಹಾಗಾಗಿ ಇನ್ನೊಬ್ಬ ವ್ಯಾಪಾರಿಗೆ ಮಾರುವ ಏಳು ಗ್ರಾಹಕರದು ಮೊದಲು. ಬಿಟಿಎಂನ ಹಾರ್ಡ್‌ವೇರ್ ಅಂಗಡಿ ಅದರಲ್ಲೊಂದು. ಚಿಲ್ಲರೆ ಮಾರುವ ಬೇಕರಿ, ಡ್ರೈಕ್ಲೀನಿಂಗ್ ಅಂಗಡಿಗಳು ಆಮೇಲೆ. ಬ್ಯಾಂಕು ಕೇಳಿದ ವಿವರ ಪತ್ರ, ಹಳೇ ಬಾಕಿ ತಾಳೆ ನೋಡುವ ಕೆಲಸ, ಇವನ್ನು ಯಾರಿಗೂ ಹಂಚುವುದಿಲ್ಲ. ಸೆಪ್ಟೆಂಬರ್‌ವರೆಗೆ ಇಲ್ಲ ಎಂದು ಆ ಗ್ರಾಹಕರಿಗೆ ನೀವೇ ಹೇಳುತ್ತೀರಿ.

ಮುಂದಿನದು ಒಟಿಪಿ. ಹದಿನೆಂಟರಲ್ಲಿ ಹನ್ನೊಂದು ಗ್ರಾಹಕರ ನಂಬರು ಅವಳದು. ಆದರೆ ಸಹಿಯ ಒಟಿಪಿ ಮೊಬೈಲಿಗೆ ಬಂದಂತೆ ನೋಂದಾಯಿತ ಇಮೇಲಿಗೂ ಬರುತ್ತದೆ, ಒಂಬತ್ತು ಕಡೆ ಇಮೇಲ್ ಆಫೀಸಿನದೇ. ಅವುಗಳಲ್ಲಿ ಲಾಗಿನ್ ಆಗಿ, ನೋಂದಣಿ ತಿದ್ದುಪಡಿಯ ನಾನ್-ಕೋರ್ ವಿಭಾಗದಲ್ಲಿ ಗ್ರಾಹಕನ ಸ್ವಂತ ನಂಬರು ಹಾಕಲು ಹುಡುಗ ಕೂರುತ್ತಾನೆ. ಉಳಿದ ಎರಡಕ್ಕೆ ಅವಳ ಫೋನೇ ಬೇಕು. ತಮ್ಮನಿಗೆ ಮೆಸೇಜ್ ಹಾಕುತ್ತೀರಿ: ನಾಳೆ ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷ ಅಕ್ಕನ ಫೋನು ನಿನ್ನ ಕೈಯಲ್ಲಿರಲಿ, ಎರಡು ಸಲ ಆರಂಕಿಯ ಸಂಖ್ಯೆ ಓದಿ ಹೇಳು, ಆಮೇಲೆ ಇಲ್ಲ. ಇಲ್ಲದಿದ್ದರೆ 11ರವರೆಗೆ ಆ ಫೋನು ಅಳುವವರ ನಡುವೆ ಬಡಿದುಕೊಳ್ಳುತ್ತಲೇ ಇರುತ್ತಿತ್ತು.

ಗ್ರಾಹಕರಿಗೆ ಹೋಗುವ ಮೆಸೇಜಿನಲ್ಲಿ ಗಂಡನ ಹೆಸರಿಲ್ಲ, ಹೇಗಾಯಿತೆಂಬುದೂ ಇಲ್ಲ. ಮನೆಯಲ್ಲಿ ಸಾವಾಗಿದೆ, ಈ ತಿಂಗಳು ನಿಮ್ಮ ಲೆಕ್ಕ ಇಂಥವರು ನೋಡುತ್ತಾರೆ, ದಯವಿಟ್ಟು ಅವಳಿಗೆ ನೇರವಾಗಿ ಫೋನ್ ಮಾಡಬೇಡಿ. ಅಷ್ಟೇ. ಹಾರ್ಡ್‌ವೇರ್ ಅಂಗಡಿಯವರು ಐದೇ ನಿಮಿಷದಲ್ಲಿ ನಿಮಗೆ ಫೋನ್ ಮಾಡುತ್ತಾರೆ.

"ಅಯ್ಯೋ ಪಾಪ. ಯಾರು ಹೋಗಿದ್ದು ಮೇಡಂ? ಅಪ್ಪನಾ, ಅತ್ತೆನಾ?"

"ಅವಳು ಬಂದ ಮೇಲೆ ಹೇಳೋದಿದ್ರೆ ಅವಳೇ ಹೇಳ್ತಾಳೆ ಸಾರ್. ನಿಮ್ಮ ಸೇಲ್ಸ್ ಬಿಲ್ಲು ನಾಳೆ ಕಳಿಸ್ಬಿಡಿ."

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ 1961ರದ್ದು. ಸಾವಿಗೆಂದೇ ರಜೆ ಅದರಲ್ಲಿಲ್ಲ. ಆದರೆ ಕಾಯಿಲೆಗೆಂದು ವರ್ಷಕ್ಕೆ ಕೊಡಬೇಕಾದ ಸಂಬಳ ಸಹಿತ ಹನ್ನೆರಡು ದಿನಗಳನ್ನು ಬೇರೆ ಸಕಾರಣಕ್ಕೂ ಕೊಡಬಹುದೆಂದು ಅದರಲ್ಲೇ ಇದೆ. ಇದರ ಮೇಲೆ, ದುಡಿದ ಪ್ರತಿ ಇಪ್ಪತ್ತು ದಿನಕ್ಕೆ ಒಂದರಂತೆ ಗಳಿಕೆ ರಜೆ. ಅವಳ ಲೆಕ್ಕ ತೆಗೆಯುತ್ತೀರಿ. ಹನ್ನೆರಡರಲ್ಲಿ ಐದು ಖರ್ಚಾಗಿ ಏಳು ಉಳಿದಿವೆ. ಗಳಿಕೆ ರಜೆ ಹದಿನಾಲ್ಕು. ಇಂದಿನಿಂದ ತಿಥಿಯವರೆಗೆ ಭಾನುವಾರ, ಸ್ವಾತಂತ್ರ್ಯ ದಿನ ಬಿಟ್ಟು ಒಂಬತ್ತು ಕೆಲಸದ ದಿನ. ಆ ಒಂಬತ್ತನ್ನು ಆಫೀಸಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ, ಅವಳ ಯಾವ ಖಾತೆಯಿಂದಲೂ ಕಳೆಯುವುದಿಲ್ಲ. 16ರಿಂದ 23ರವರೆಗಿನ ಏಳು ಕೆಲಸದ ದಿನಕ್ಕೆ ಆ ಏಳು. ಗಳಿಕೆ ರಜೆಯನ್ನು ಮುಟ್ಟುವುದಿಲ್ಲ.

ಅದನ್ನು ಯಾಕೆ ಉಳಿಸಬೇಕೆಂದು ತಿಥಿಯ ಊಟ ಮುಗಿದ ಮೂರನೇ ದಿನ ತಿಳಿಯುತ್ತದೆ. ಬನಶಂಕರಿ ಮೂರನೇ ಹಂತದ ಆ ಮನೆಯ ಹಜಾರದಲ್ಲಿ ಕೂತಿದ್ದೀರಿ. ನೆಂಟರು ಹೋಗಿಯಾಗಿದೆ. ಅವಳ ಮುಂದೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ. ಮರಣ ಪ್ರಮಾಣಪತ್ರದ ಪ್ರತಿಗಳು. ನಾಡಕಚೇರಿಯಿಂದ ಬರಬೇಕಾದ ವಂಶವೃಕ್ಷ. ಗಂಡನ ಪಿಎಫ್: ಅವನ ದುಡ್ಡಿಗೆ ಫಾರಂ 20, ವಿಮೆಗೆ 5ಐಎಫ್, ಪಿಂಚಣಿಗೆ 10ಡಿ. ಬೇರೆಯವರಿಗೆ ಇವನ್ನು ತುಂಬಿಕೊಟ್ಟ ಕೈ ಅವಳದು. ವಿಮೆ ಏಳು ಲಕ್ಷದವರೆಗೆ ಬರಬಹುದು, ಪಿಂಚಣಿಯಲ್ಲಿ ಮಗಳಿಗೂ ಇಪ್ಪತ್ತೈದು ವರ್ಷದವರೆಗೆ ಪಾಲಿದೆ, ಎಲ್ಲ ಗೊತ್ತು. ಗಂಡನ ಹೆಸರಿನ ಮುಂದೆ ದಿವಂಗತ ಎಂದು ಬರೆಯುವ ಜಾಗಕ್ಕೆ ಬಂದಾಗ ಪೆನ್ನು ಕೆಳಗಿಡುತ್ತಾಳೆ.

"ಇದನ್ನ ನಮ್ಮ ಹುಡುಗ ತುಂಬ್ತಾನೆ," ಎನ್ನುತ್ತೀರಿ. "ನೀನು ಸಹಿ ಹಾಕು. ಬ್ಯಾಂಕು, ನಾಡಕಚೇರಿ, ಪಿಎಫ್ ಆಫೀಸು, ಯಾವುದೂ ಭಾನುವಾರ ತೆಗೆದಿರಲ್ಲ. ನಿನ್ನ ಹದಿನಾಲ್ಕು ರಜೆ ಇದೆಯಲ್ಲ, ಅದನ್ನ ಅರ್ಧ ಅರ್ಧ ದಿನ ಮಾಡಿ ಇಪ್ಪತ್ತೆಂಟು ಸಲ ತಗೋ. ಬೆಳಗ್ಗೆ ಒಂದು ಮೆಸೇಜ್ ಸಾಕು, ಕಾರಣ ಬೇಡ."

ಅವಳು ತಲೆಯೆತ್ತಿ ಕೇಳುವುದು ಬೇರೆಯದೇ. "ಮೇಡಂ, ನನ್ನ ಗ್ರಾಹಕರನ್ನೆಲ್ಲ ಹಂಚಿಬಿಟ್ರಂತೆ. ಇನ್ನು ನಾನು ಬೇಡ ಅಂತಾನಾ?"

ಇದು ನಿಮಗೆ ಹೊಳೆದಿರಲಿಲ್ಲ. ಭಾರ ಇಳಿಸಿದೆವೆಂದು ನೀವೆಲ್ಲ ಬೀಗುತ್ತಿದ್ದಿರಿ, ಅವಳಿಗೆ ಅದು ಕುರ್ಚಿ ತೆಗೆದಂತೆ ಕಂಡಿದೆ. ಈಗ ಆ ಮನೆಯಲ್ಲಿ ಬರುವುದು ಒಂದೇ ಸಂಬಳ. ಹೆಗಲು ತಟ್ಟಿದರೆ ಈ ಹೆದರಿಕೆ ಹೋಗದು, ಬರಹದಲ್ಲಿ ಬೇಕು. ಅಲ್ಲೇ ಕೂತು ವಾಟ್ಸ್ಯಾಪಿನಲ್ಲಿ ಬರೆಯುತ್ತೀರಿ: ಹದಿನೆಂಟು ಗ್ರಾಹಕರೂ ನಿನ್ನವರೇ, ಬೇರೆಯವರು ನೋಡುತ್ತಿರುವುದು ಅಕ್ಟೋಬರ್ 31ರವರೆಗೆ ಮಾತ್ರ, ಸಂಬಳದಲ್ಲಿ ಬದಲಾವಣೆ ಇಲ್ಲ, ಏಪ್ರಿಲ್‌ನ ಇನ್‌ಕ್ರಿಮೆಂಟಿಗೆ ಈ ಮೂರು ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವಳು ಓದುತ್ತಾಳೆ. ಮತ್ತೊಮ್ಮೆ ಓದುತ್ತಾಳೆ.

"ಯಾವಾಗ ಬರ್ತೀಯ ಅಂತ ನೀನೇ ಹೇಳು. 25 ಸೋಮವಾರ ಅಂತ ನಾನು ಬರೆದಿದ್ದೆ. ಆದ್ರೆ 26 ಗೌರಿ ಹಬ್ಬ, 27 ಗಣೇಶ. ಎಲ್ಲ ಹೂವು ಮುಡ್ಕೊಂಡು ಬಂದಿರ್ತಾರೆ. ಹಬ್ಬ ಕಳೀಲಿ, 28ಕ್ಕೆ ಬಾ."

"ಬೇಡ ಮೇಡಂ. ಮನೇಲಿದ್ರೆ ಹಬ್ಬ ಇನ್ನೂ ಜಾಸ್ತಿ ಗೊತ್ತಾಗುತ್ತೆ. ಪಕ್ಕದ ಮನೆಯವರು ಬಾಗಿನ ಹಿಡ್ಕೊಂಡು ನಮ್ಮ ಬಾಗಿಲು ದಾಟ್ಕೊಂಡು ಹೋಗೋದನ್ನ ನೋಡ್ತಾ ಕೂರ್ಬೇಕು. 25ಕ್ಕೇ ಬರ್ತೀನಿ. ಮಗಳನ್ನ ಸ್ಕೂಲಿಗೆ ಬಿಟ್ಟು ಹತ್ತೂವರೆಗೆ."

ಹತ್ತೂವರೆಯಿಂದ ನಾಲ್ಕು ಎಂದು ಒಪ್ಪಂದವಾಗುತ್ತದೆ, ಮೊದಲ ಎರಡು ವಾರ. ಬಂದವಳಿಗೆ ಯಾರು ಏನು ಕೇಳಬಹುದು ಎಂದೂ ಕೇಳಿಕೊಳ್ಳುತ್ತೀರಿ. ಆ ರಾತ್ರಿಯ ಕಥೆ ಮತ್ತೆ ಹೇಳಲಾರೆ, ಎನ್ನುತ್ತಾಳೆ. ಮಗಳ ಬಗ್ಗೆ ಕೇಳಿದರೆ ತೊಂದರೆಯಿಲ್ಲ.

ಶನಿವಾರ ಸಂಜೆ ಎಲ್ಲರನ್ನೂ ಕೂರಿಸಿ ಇದನ್ನೇ ಹೇಳುತ್ತೀರಿ. "ಸೋಮವಾರ ಬಾಗಿಲಲ್ಲಿ ಗುಂಪು ಕಟ್ಬೇಡಿ. ಒಬ್ಬೊಬ್ಬರಾಗಿ, ಬಂದ್ರಾ ಅಕ್ಕಾ ಅಂದ್ರೆ ಸಾಕು. ಹೇಗಾಯ್ತು, ಎಷ್ಟೊತ್ತಿಗೆ ಆಯ್ತು, ಮೊದಲೇ ತೋರಿಸಿರಲಿಲ್ವಾ, ಇದ್ಯಾವುದೂ ಬೇಡ." ಮೂಲೆಯಲ್ಲಿ ಕೂತ ಹಿರಿಯರೊಬ್ಬರು, ಟೈಪ್‌ರೈಟರ್ ಕಾಲದಿಂದ ಜಯನಗರದಲ್ಲಿ ಲೆಕ್ಕ ಬರೆದವರು, ಕೇಳುತ್ತಾರೆ: "ಅಲ್ಲಮ್ಮ, ಶುಕ್ರವಾರದ ಪೂಜೆಗೆ ಆರತಿ, ಕುಂಕುಮ... ಅವಳಿಗೆ ಕೊಡೋದಾ, ಬಿಡೋದಾ?" ಎಲ್ಲರ ತಲೆಯಲ್ಲಿದ್ದ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಿದ್ದು ಒಳ್ಳೆಯದೇ ಆಯಿತು. ತಟ್ಟೆಯನ್ನು ಒಬ್ಬೊಬ್ಬರ ಮುಂದೆ ಒಯ್ಯುವುದು ಈ ವಾರದಿಂದ ನಿಲ್ಲುತ್ತದೆ. ಕುಂಕುಮದ ಬಟ್ಟಲು, ಹೂವು ದೇವರ ಮುಂದೆ ಇರುತ್ತದೆ, ಬೇಕಾದವರು ತಾವೇ ತೆಗೆದುಕೊಳ್ಳುತ್ತಾರೆ. ಪ್ರಸಾದ ಎಲ್ಲರ ಕೈಗೂ ಒಂದೇ ಥರ. ಅವಳು ಹಚ್ಚಿಕೊಳ್ಳುತ್ತಾಳೋ ಇಲ್ಲವೋ, ಅದನ್ನು ನೋಡುತ್ತ ಕೂರುವ ಹಕ್ಕು ಆಫೀಸಿನಲ್ಲಿ ಯಾರಿಗೂ ಇಲ್ಲ. ಹಿರಿಯರು ಒಪ್ಪಿದಂತೆ ತಲೆಯಾಡಿಸುತ್ತಾರೆ. ಪೂರ್ತಿ ಒಪ್ಪಿದರೆಂದು ನನಗನ್ನಿಸುವುದಿಲ್ಲ.

ಸೋಮವಾರ ಬರುತ್ತದೆ, ಅವಳೂ ಬರುತ್ತಾಳೆ. ಮೊದಲ ದಿನದಲ್ಲಿ ಹೇಳುವಂಥದ್ದೇನಿಲ್ಲ. ಹುಡುಗ ಎರಡು ಸಲ ಕಾಫಿ ತರುತ್ತಾನೆ.

ಹೇಳಬೇಕಾದದ್ದು ಮೂರನೇ ವಾರದ್ದು. ಸೆಪ್ಟೆಂಬರ್, ತೆರಿಗೆ ಆಡಿಟ್ಟಿನ ತಿಂಗಳು, 30 ಕೊನೆಯ ದಿನ. ಮುಂದಕ್ಕೆ ಹೋಗುತ್ತದಂತೆ ಎಂಬ ಗಾಳಿಸುದ್ದಿ ಎಂದಿನಂತೆ ಹಾರುತ್ತಿದೆ. ಅಳುವುದು ನಿಂತಿದೆ, ಮಾತಾಡುತ್ತಾಳೆ, ಡಬ್ಬಿ ಹಂಚಿಕೊಳ್ಳುತ್ತಾಳೆ. ಸರಿಹೋದಳು ಎಂದು ಉಳಿದವರು ನಿಟ್ಟುಸಿರು ಬಿಟ್ಟು ತಮ್ಮ ಫೈಲುಗಳನ್ನು ಅವಳ ಮೇಜಿಗೆ ಸರಿಸತೊಡಗಿದ್ದಾರೆ. ನೀವು ನೋಡಬೇಕಾದ್ದು ಮುಖವನ್ನಲ್ಲ, ಲೆಡ್ಜರನ್ನು. ಚಲನ್ ಕಟ್ಟುವ ಮುಂಚೆ ಕಣ್ಣಾಡಿಸಿದರೆ ಹಾರ್ಡ್‌ವೇರ್ ಅಂಗಡಿಯ ರಾಜ್ಯದೊಳಗಿನ ಮಾರಾಟದ ತೆರಿಗೆ ಐಜಿಎಸ್‌ಟಿ ಹೆಡ್‌ನಲ್ಲಿ ಕೂತಿದೆ. ಒಂಬತ್ತು ವರ್ಷದಲ್ಲಿ ಅವಳು ಮಾಡಿರದ ತಪ್ಪು. ಕಟ್ಟಿಬಿಟ್ಟಿದ್ದರೆ ಪಿಎಂಟಿ-09 ಹಾಕಿ ದುಡ್ಡನ್ನು ಸರಿಯಾದ ಹೆಡ್‌ಗೆ ವರ್ಗಾಯಿಸಬಹುದಿತ್ತು. ಸಲ್ಲಿಸಿದ 3ಬಿಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಾಗದು. ಅಕ್ಕರೆ ಬೇರೆ, ಸಲ್ಲಿಸುವ ಗುಂಡಿ ಬೇರೆ. ನಿದ್ದೆಗೆಟ್ಟ ತಲೆ ಅಂಕಿಗಳನ್ನು ಅದಲುಬದಲು ಮಾಡುತ್ತದೆ, ಅದನ್ನು ಅವಳು ಬಲವಂತದಿಂದ ನಿಲ್ಲಿಸಲಾರಳು. ಅಕ್ಟೋಬರ್ ಮುಗಿಯುವವರೆಗೆ ಅವಳು ತಯಾರಿಸಿದ್ದನ್ನು ಇನ್ನೊಬ್ಬರು ನೋಡಿ ಸಲ್ಲಿಸುವುದು, ಆದರೆ ಅವಳೊಬ್ಬಳದನ್ನೇ ಅಲ್ಲ. ಅಲ್ಲಿಯವರೆಗೆ ಎಲ್ಲರದ್ದೂ ಹಾಗೇ ಎಂದು ನಿಯಮ ಮಾಡುತ್ತೀರಿ. ಹುಡುಗನ ಫೈಲಿನಲ್ಲಿ ಅವಳೇ ನಾಲ್ಕು ತಪ್ಪು ಹಿಡಿಯುತ್ತಾಳೆ.

ಒಳಗೆ ಕರೆದು ಕೇಳುತ್ತೀರಿ, ನಿದ್ದೆ ಬರುತ್ತಾ? ಮೂರು ಗಂಟೆಗೆ ಎಚ್ಚರವಾಗುತ್ತೆ, ಆಮೇಲೆ ಇಲ್ಲ. ಊಟ? ಮಗಳಿಗೋಸ್ಕರ ಮಾಡ್ತೀನಿ. ನೀವು ಡಾಕ್ಟರಲ್ಲ, ಆರು ವಾರಕ್ಕೆ ಇದಕ್ಕೆ ಕಾಯಿಲೆಯ ಹೆಸರಿಡುವುದು ಡಾಕ್ಟರಿಗೂ ಸರಿಯಲ್ಲ. ಬಿಡದೆ ಕಾಡುವ ಶೋಕವನ್ನು ಬೇರೆಯದೇ ತೊಂದರೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಗುರುತಿಸುವುದು ಕನಿಷ್ಠ ಆರು ತಿಂಗಳ ಮೇಲೆ. ಅಮೆರಿಕದ ಮನೋವೈದ್ಯರ ಕೈಪಿಡಿ 2022ರಲ್ಲಿ ದೊಡ್ಡವರಿಗೆ ಒಂದು ವರ್ಷವೆಂದಿತು. ಆದರೆ ನಿದ್ದೆಗೆ ಸಹಾಯ ಕೇಳಲು ಅಷ್ಟು ಕಾಯಬೇಕಿಲ್ಲ, ಬದುಕೇ ಬೇಡವೆಂಬ ಮಾತು ಬಂದರೆ ಒಂದು ಗಂಟೆಯೂ ಕಾಯಬಾರದು. 14416, ಟೆಲಿ ಮನಸ್, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ. ನಿಮ್ಹಾನ್ಸ್‌ನ ವೆಲ್‌ಬೀಯಿಂಗ್ ಸೆಂಟರ್ ಬಿಟಿಎಂನಲ್ಲೇ ಇದೆ, ಆಸ್ಪತ್ರೆಯ ದೊಡ್ಡ ಗೇಟು ದಾಟಲು ಹಿಂಜರಿಯುವವರಿಗೆ ಅಲ್ಲಿಗೆ ಹೋಗುವುದು ಸುಲಭ. ನಂಬರನ್ನು ಚೀಟಿಯಲ್ಲಿ ಬರೆದು ಕೊಡುತ್ತೀರಿ. ಹೋದೆಯಾ ಎಂದು ಮತ್ತೆ ಕೇಳುವುದಿಲ್ಲ. ಆ ವಾರ ಅರ್ಧ ದಿನದ ರಜೆಗಳಲ್ಲಿ ಒಂದು ಕಾರಣವಿಲ್ಲದೆ ಖರ್ಚಾಗುತ್ತದೆ.

ಅಕ್ಟೋಬರ್ 31ಕ್ಕೆ ಗ್ರಾಹಕರು ವಾಪಸು ಬರಬೇಕಿತ್ತು. ಅವಳು ಪಟ್ಟಿ ಹಿಡಿದು ಬಂದು, ಹದಿನೇಳು ಸಾಕು, ಎನ್ನುತ್ತಾಳೆ. ಜಯನಗರ ಒಂಬತ್ತನೇ ಬ್ಲಾಕಿನ ಕ್ಲಿನಿಕ್ ಬೇಡ. ಅಲ್ಲಿಗೆ ಪ್ರತಿ ತಿಂಗಳು ಬಿಲ್ಲು ತರಲು ಜಯದೇವದ ಮುಂದೆ ಹೋಗಬೇಕು. ಅದನ್ನು ಹುಡುಗನಿಗೇ ಬರೆಯುತ್ತೀರಿ. ಬದಲಿಗೆ, ಯಾರೂ ಮುಟ್ಟದೆ ಬಿಟ್ಟಿದ್ದ ಹಳೇ ಬಾಕಿ ತಾಳೆಯನ್ನು ಅವಳೇ ಕೇಳಿ ತೆಗೆದುಕೊಳ್ಳುತ್ತಾಳೆ. ಯಾರ ಹತ್ತಿರವೂ ಮಾತಾಡಬೇಕಿಲ್ಲದ, ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು ಒಂದೊಂದೇ ಸಾಲು ನೋಡುವ ಕೆಲಸ.

ಆಮೇಲೆ ಗೋಡೆಯ ಕ್ಯಾಲೆಂಡರಿನ ಹತ್ತಿರ ನಿಂತು ಮುಂದಿನ ವರ್ಷದ್ದು ಬಂದಿದೆಯಾ ಎಂದು ಕೇಳುತ್ತಾಳೆ. ವರ್ಷದ ತಿಥಿ ಪಂಚಾಂಗದ ಪ್ರಕಾರ ಬರುತ್ತದೆ, ಆಗಸ್ಟ್ 5ಕ್ಕೇ ಬೀಳುವುದಿಲ್ಲ, ಹಿಂದುಮುಂದಾಗುತ್ತದೆ.

"ನಂಗೆ ಎರಡು ರಜೆ ಬೇಕಾಗುತ್ತೆ ಮೇಡಂ. ತಿಥಿ ದಿನ ಊರಿಗೆ ಹೋಗ್ಬೇಕು. 5ನೇ ತಾರೀಖು ಸುಮ್ನೆ ಮನೇಲಿರ್ತೀನಿ, ಮಗಳಿಗೆ ಆ ತಾರೀಖೇ ನೆನಪಿರೋದು."

"ಎರಡೂ ಈಗಲೇ ಬರ್ಕೋತೀನಿ."

"ಟಿಡಿಎಸ್ 4ಕ್ಕೇ ಕಟ್ಟಿಸಿ ಹೋಗ್ತೀನಿ. ಆ ಹಾರ್ಡ್‌ವೇರ್ ಅಂಗಡಿಯವರಿಗೆ ಮಾತ್ರ ನೀವೇ ಹೇಳ್ಬೇಕು, ಜುಲೈ ಬಿಲ್ಲು 1ನೇ ತಾರೀಖೇ ಕಳಿಸಿ ಅಂತ. ನಾನು ಹೇಳಿದ್ರೆ ಕೇಳಲ್ಲ."